ಚನ್ನಮಲ್ಲಮ್ಮನ ಮಾವ ಉಳಿಸಿಕೊಂಡ ಒಂದು ರೂಪಾಯಿ

ಚನ್ನಮಲ್ಲಮ್ಮನನ್ನು ಏನಾದರೂ ಕೇಳಿದರೆ ಉತ್ತರ ಕೂಡಲೇ ಬರುವುದಿಲ್ಲ. ಮೊದಲು ಸೆರಗು ಸರಿ ಮಾಡಿಕೊಳ್ಳುತ್ತಾಳೆ. ಆಮೇಲೆ, ನಾವು ಕೇಳಿದ್ದನ್ನೇ ಮೆಲ್ಲಗೆ ಇನ್ನೊಂದು ಸಲ ತಾನೇ ಹೇಳಿಕೊಳ್ಳುತ್ತಾಳೆ. ಅಷ್ಟು ಹೊತ್ತಿಗೆ ಕೇಳಿದವರಿಗೆ ಅರ್ಧ ಕೋಪ ಬಂದಿರುತ್ತದೆ. ಪಕ್ಕದ ಮನೆಯ ಬೊಮ್ಮಮ್ಮ, "ಇವ್ಳ ಬಾಯಿಂದ ಮಾತು ಬರದ್ರೊಳ್ಗೆ ದಿಂಬದ ಬಸ್ಸು ಘಟ್ಟ ಇಳಿದು ಅತ್ತಿ ಬತ್ತದೆ ಕಣವ್ವ" ಎಂದು ಆಡಿಕೊಳ್ಳುತ್ತಾಳೆ. ಚನ್ನಮಲ್ಲಮ್ಮನಿಗೆ ಅದರ ಬೇಸರವಿಲ್ಲ. ಸೋಮವಾರ ಸಂಜೆ ಗುಡಿಯ ಜಗಲಿಯಲ್ಲಿ ಬಿಲ್ವಪತ್ರೆ ಬಿಡಿಸುತ್ತಾ ಕೂತಾಗ ಅವಳು ಹೇಳಿದ ಸಂಗತಿಯನ್ನೇ ನಾನು ಇಲ್ಲಿ ಬರೆಯುತ್ತಿರುವುದು. ಒಂದೇ ಸಂಜೆಯಲ್ಲಿ ಹೇಳಿ ಮುಗಿಸಲಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ.

ಪಣಕಹಳ್ಳಿಯ ಹತ್ತಿರದ, ಮಾತು ಕನ್ನಡವಾದರೂ ತಮಿಳುನಾಡಿಗೆ ಸೇರಿದ ನಮ್ಮೂರಿಗೆ ಅವಳು ಸೊಸೆಯಾಗಿ ಬಂದಾಗ ಅತ್ತೆ ಆಗಲೇ ತೀರಿಕೊಂಡಿದ್ದರು. ಮನೆಯಲ್ಲಿ ಗಂಡ, ಮಾವ ಪುಟ್ಟಬಸಪ್ಪ, ಒಂದು ಜೋಡಿ ಎತ್ತು, ಒಂದು ಎಮ್ಮೆ. ನಾಲ್ಕೂವರೆ ಎಕರೆ ಹೊಲ, ಒಂದು ಬಾವಿ. ಗಂಡ ಹೊಲದಲ್ಲಿ ಹುಲಿ, ಊರು ಬಿಟ್ಟು ಆಫೀಸಿನ ಮೆಟ್ಟಿಲು ಕಂಡರೆ ಹೊಟ್ಟೆನೋವು ಎನ್ನುವ ಮನುಷ್ಯ. ಹಾಗಾಗಿ ಹೊರಗಿನ ಕೆಲಸವೆಲ್ಲ ಮಾವನದಾಗಿತ್ತು. ಮಾವನಿಗೆ ಮಂಡಿ ನೋವು ಬಂದ ಮೇಲೆ ಅದು ಮೆಲ್ಲಮೆಲ್ಲಗೆ ಸೊಸೆಯ ಹೆಗಲಿಗೆ ಬಂತು. ಅವಳಿಗೆ ಕನ್ನಡ ಓದಲು ಬರುತ್ತದೆ. ತಮಿಳು ಕಿವಿಗೆ ಬರುತ್ತದೆ, ಕಣ್ಣಿಗೆ ಬರುವುದಿಲ್ಲ.

ಎಂಬತ್ತನಾಲ್ಕನೇ ಇಸವಿಯ ಶಿವರಾತ್ರಿ ಕಳೆದ ಮೇಲೆ ಊರಲ್ಲಿ ಹಾಲಿನ ಸಂಘ ಶುರುವಾಯಿತು. ಬೆಳಗ್ಗೆ ಒಂದು ವ್ಯಾನು ಬಂದು ಕ್ಯಾನು ಎತ್ತಿಕೊಂಡು ಹೋಗುತ್ತಿತ್ತು. ಹಸು ಕೊಳ್ಳುವವರಿಗೆ ತಾಳವಾಡಿಯ ಸಹಕಾರ ಬ್ಯಾಂಕಿನಲ್ಲಿ ಸಾಲ ಕೊಡುತ್ತಾರೆ, ಮಾರ್ಚಿಯ ನಾಲ್ಕನೇ ಶುಕ್ರವಾರದೊಳಗೆ ಅರ್ಜಿ ಕೊಟ್ಟವರ ಪಟ್ಟಿ ಮಾತ್ರ ಘಟ್ಟದ ಕೆಳಗಿನ ಹೆಡ್ಡಾಫೀಸಿಗೆ ಹೋಗುತ್ತದೆ ಎಂದು ಸಂಘದವರು ಹೇಳಿದರು. ಹಸುವಿನ ಬೆಲೆಯಲ್ಲಿ ಒಂದು ಪಾಲು ತಾವೇ ಹಾಕಬೇಕು. ಚನ್ನಮಲ್ಲಮ್ಮ ಎಮ್ಮೆಯ ತುಪ್ಪ ಮಾರಿ ನಾಲ್ಕು ನೂರು ರೂಪಾಯಿ ಕೂಡಿಟ್ಟಿದ್ದಳು. ಮದುವೆಯಾದಂದಿನಿಂದ ತನ್ನ ಹೆಸರಿನಲ್ಲಿ ಏನಾದರೂ ಒಂದು ಇರಲಿ ಎಂದು ಅವಳು ಆಸೆಪಟ್ಟದ್ದು ಅದೊಂದೇ.

ಮೂರನೇ ಶುಕ್ರವಾರ ಅರ್ಜಿ ಹಿಡಿದುಕೊಂಡು ಬ್ಯಾಂಕಿಗೆ ಹೋದಳು. ಅಲ್ಲಿ ಸಾಲದ ಪುಸ್ತಕ ನೋಡಿಕೊಳ್ಳುತ್ತಿದ್ದವನು ಬಿಳಿಗಿರಿ. ತಾಳವಾಡಿಯವನೇ, ನಮ್ಮ ಮಾತಿನವನು. ಅರ್ಜಿಯಲ್ಲಿದ್ದ ಮಾವನ ಹೆಸರು ನೋಡಿ ಒಳಗೆ ಹೋದ. ಬರುವಾಗ ಮುಖ ಸಪ್ಪಗಿತ್ತು.

"ಅಕ್ಕ, ನಿಮ್ಮ ಮಾವ ಬಾವಿ ಇಂಜಿನ್ನಿಗೆ ಸಾಲ ತಕಂಡಿದ್ರಲ್ಲ, ಅದು ಇನ್ನೂ ಮುಗ್ದಿಲ್ವಲ್ಲ."

"ಮುಗೀತಲ್ಲಪ್ಪ. ಮೂರು ವರ್ಸ ಆಯ್ತು."

"ಬುಕ್ಕಲ್ಲಿ ಮುಗ್ದಿಲ್ಲ. ಎರಡು ಕಂತು ತಪ್ಪವೆ. ಒಂದೇ ಮನೇಲಿ ಹಳೇ ಸಾಲ ನಿಂತಿದ್ರೆ ಹೊಸ್ದು ಕೊಡಕಾಗಲ್ಲ. ಅವಧಿಗೆ ಮುಂಚೇನೇ ಪೂರ್ತಿ ಕಟ್ಟಿ ಮುಗಿಸಾದಾದ್ರೆ ಎಷ್ಟಾಗ್ತದೆ ಅಂತ ಲೆಕ್ಕಪಟ್ಟಿ ಮಾಡ್ಕೊಡ್ತೀನಿ."

ಹೊರಗೆ ಸಂತೆಗೆ ಬಂದವರ ಗಲಾಟೆ, ಒಳಗೆ ವರ್ಷದ ಕೊನೆಯ ತಿಂಗಳ ಗಡಿಬಿಡಿ. ಬಿಳಿಗಿರಿ ಎರಡು ಪುಸ್ತಕದಿಂದ ಬೇಗಬೇಗ ಅಂಕಿ ಎತ್ತಿ ಒಂದು ಹಾಳೆಯಲ್ಲಿ ಬರೆದು ಮೊಹರು ಹಾಕಿಕೊಟ್ಟ. ಬಾಕಿ ಅಸಲು ಸಾವಿರದ ಒಂದು ರೂಪಾಯಿ. ಬಡ್ಡಿ ನೂರೈವತ್ತು ರೂಪಾಯಿ ಮೂವತ್ತು ಪೈಸೆ. ದಂಡಬಡ್ಡಿ ಮೂವತ್ತು. ನೋಟೀಸಿನ ಖರ್ಚು ಆರು. ಒಟ್ಟು ಸಾವಿರದ ನೂರ ಎಂಬತ್ತೇಳು ರೂಪಾಯಿ ಮೂವತ್ತು ಪೈಸೆ. ಮುಕ್ತಾಯದ ದಿನ, ಮಾರ್ಚಿ ಮೂವತ್ತೊಂದು.

ಆ ಕಾಗದವನ್ನು ಮಡಿಚಿ ಅವಳು ಬಸ್ಸಿನಲ್ಲಿ ಬಂದಳು. ಪಕ್ಕದಲ್ಲಿದ್ದ ಬೊಮ್ಮಮ್ಮ, "ಅಸು ಸಿಕ್ತೇನೆ?" ಎಂದರೆ, "ಅಸು" ಎಂದಳಂತೆ. ಊರು ಬಂದರೂ ಮುಂದಿನ ಮಾತು ಬರಲಿಲ್ಲವಂತೆ.

ಪುಟ್ಟಬಸಪ್ಪ ಪೂಜೆ ಮುಗಿಸಿ ಹಣೆ ತುಂಬ ವಿಭೂತಿ ಹಚ್ಚಿಕೊಂಡು ಜಗಲಿಯಲ್ಲಿ ಕೂತಿದ್ದರು. ಸಾಲ ತೀರಿಲ್ಲವಂತೆ ಎಂಬ ಮಾತು ಕೇಳಿದ ಕೂಡಲೇ ಊರುಗೋಲನ್ನು ನೆಲಕ್ಕೆ ಕುಟ್ಟಿದರು.

"ಯಾವನ್ಲಾ ಅಂದೋನು? ಒಂಬತ್ತು ವರ್ಸದ ಸಾಲವ ನಾಕು ವರ್ಸಕ್ಕೆ ತೀರಿಸ್ದೋನು ಕಣವ್ವ ನಾನು. ಆ ವರ್ಸ ಆಲೂಗೆಡ್ಡೆ ಮೇಟುಪಾಳ್ಯದ ಮಾರ್ಕೆಟ್ಟಿಗೆ ಓಗಿ ಬಂದ ದುಡ್ಡೆಲ್ಲ ತಕಂಡೋಗಿ ಅಲ್ಲೇ ಸುರಿದೆ. ಅವ್ರು ಒಂದಿಡೀನೂ ಆಕಿದ್ರು!"

ಈ 'ಹಿಡಿ'ಯ ಮಾತು ನಮ್ಮ ಕಡೆಯವರಿಗೆ ಗೊತ್ತಿರುವುದೇ. ರಾಗಿ ಕಡ ತಂದವರು ವಾಪಸು ಅಳೆದು ಸುರಿದ ಮೇಲೆ, ಕೊಟ್ಟವರು ಆ ರಾಶಿಯಿಂದ ಒಂದು ಹಿಡಿ ತೆಗೆದು ತಂದವರ ಬುಟ್ಟಿಗೆ ಹಾಕಿ ಕಳಿಸಬೇಕು. ಖಾಲಿ ಬುಟ್ಟಿ ತಿರುಗಿ ಹೋಗಬಾರದು. ಹಾಗೆ ಹಿಡಿ ಹಾಕಿದರೆ ಋಣ ತೀರಿತು, ನಂಟು ಉಳಿಯಿತು ಎಂದು ಅರ್ಥ. ಹಾಕದಿದ್ದರೆ ಜಗಳವಾಡಿ ಬಿಟ್ಟ ಹಾಗೆ. ಪುಟ್ಟಬಸಪ್ಪ ಎಂಬತ್ತೊಂದರಲ್ಲಿ ಉಳಿದಿದ್ದ ಮೂರು ಸಾವಿರ ಅಸಲು, ಆ ವರ್ಷದ ಮುನ್ನೂರು ಬಡ್ಡಿ ಎಣಿಸಿ ಕ್ಯಾಷಿಯರ ಮುಂದೆ ಇಟ್ಟು ಅಲ್ಲೇ ನಿಂತರಂತೆ. ಇನ್ನೇನು ಬೇಕು ಎಂದು ಕ್ಯಾಷಿಯರು ಕೇಳಿದ್ದಕ್ಕೆ, "ಒಂದಿಡಿ ಆಕಿ ಕಳ್ಸಿ ಸ್ವಾಮಿ, ಬರಿಗೈಲಿ ಎಂಗೆ ಓಗಾದು" ಎಂದರಂತೆ. ಆ ಕ್ಯಾಷಿಯರು ಘಟ್ಟದ ಕೆಳಗಿನ ಗೋಬಿ ಊರಿನ ಕಡೆಯವನು, ನಗುವ ಸ್ವಭಾವದವನು. ಒಂದು ರೂಪಾಯಿ ನೋಟು ತೆಗೆದು ಕೈಗಿಟ್ಟು, ಮೂರು ಸಾವಿರದ ಇನ್ನೂರ ತೊಂಬತ್ತೊಂಬತ್ತಕ್ಕೆ ರಸೀತಿ ಬರೆದು ಕಳಿಸಿದ. ಅವನಿಗೆ ಅದು ಮುದುಕನೊಬ್ಬ ರೂಪಾಯಿ ಕಡಿಮೆ ಕಟ್ಟಿದ್ದು. ಪುಟ್ಟಬಸಪ್ಪನವರಿಗೆ ಅದು ಋಣಮುಕ್ತಿ. ಆ ರೂಪಾಯಿಯನ್ನು ಮನೆಗೆ ತಂದು ದೇವರ ಮುಂದಿಟ್ಟು, ಮಾರನೆಯ ದಿನ ಜಂಗಮರಿಗೆ ಕೊಟ್ಟರಂತೆ.

"ಆಮ್ಯಾಕೆ ಬ್ಯಾಂಕಿಂದ ಕಾಗ್ದ ಬಂದಿದ್ವಲ್ಲ ಮಾವ? ಎರಡು ಸಲ ಕೆಂಪಯ್ಯ ತಂದುಕೊಟ್ನಲ್ಲ" ಎಂದಳು ಚನ್ನಮಲ್ಲಮ್ಮ. ಕೆಂಪಯ್ಯ ಅಂಚೆಯವನು.

"ಬಂದಿದ್ವು. ಇನ್ನೂ ಸಾಲ ಬೇಕಾ ಅಂತ ಕರೀತಾವ್ರೆ ಅಂದ್ಕಂಡೆ. ಸರಿಯಾಗಿ ತೀರಿಸ್ದೋನ್ನ ಯಾರು ಬುಡ್ತಾರೆ? ನಂಗೆ ಬ್ಯಾಡ ಅಂತ ದೇವ್ರ ಪಟದ ಇಂದೆ ಮಡಗಿವ್ನಿ."

ಅವಳಿಗೆ ನಗು ಬಂತಂತೆ, ಆದರೆ ನಗಲಿಲ್ಲ. ಪಟದ ಹಿಂದಿನ ಎರಡು ತಮಿಳು ಕಾಗದಗಳನ್ನೂ ಪೆಟ್ಟಿಗೆಯಲ್ಲಿದ್ದ ಹಳೆಯ ರಸೀತಿಯನ್ನೂ ತೆಗೆದು ಒಂದು ಬಟ್ಟೆಯಲ್ಲಿ ಸುತ್ತಿದಳು. ಆ ರಾತ್ರಿ ಗಂಡ ಕೇಳಿದ, "ಸಾವಿರದ ನೂರ ಚಿಲ್ಲರೆಯಾ? ನಿನ್ನ ನಾನೂರು ಆಕಿ, ಉಳಿದದ್ದಕ್ಕೆ ಎಮ್ಮೆ ಮಾರಾನ. ಮಾನ ಉಳೀಲಿ. ಅಸು ಬ್ಯಾಡ."

"ಮಾನ" ಎಂದಳು ಅವಳು. ಸ್ವಲ್ಪ ಹೊತ್ತಾದ ಮೇಲೆ ಹೇಳಿದಳು: "ಕಟ್ಟಾದು ಕಟ್ಟಾನ. ಆದ್ರೆ ಈ ಅಂಕಿ ಎಲ್ಲಿಂದ ಬಂತು ಅಂತ ಕೇಳ್ಕಂಡು ಕಟ್ಟಾನ."

ನಮ್ಮಲ್ಲಿ ಸೋಮವಾರ ಎತ್ತಿನ ಕೊರಳಿಗೆ ನೊಗ ಇಡುವುದಿಲ್ಲ. ಶಿವನ ವಾರ, ಬಸವನಿಗೆ ಬಿಡುವು. ಹಾಗಾಗಿ ಆ ಸೋಮವಾರ ಹೊಲದ ಕೆಲಸ ಬಿಟ್ಟು ಸೊಸೆ ಮಾವನನ್ನು ಕೈಹಿಡಿದು ಬಸ್ಸು ಹತ್ತಿಸಿಕೊಂಡು ತಾಳವಾಡಿಗೆ ಹೋದಳು. ಸಾಲ ಮಾವನ ಹೆಸರಿನಲ್ಲಿದ್ದುದರಿಂದ ಅವರ ರುಜು ಇಲ್ಲದೆ ಏನೂ ಮುಗಿಯುವ ಹಾಗಿರಲಿಲ್ಲ.

ಬ್ಯಾಂಕಿನಲ್ಲಿ ಅವತ್ತು ಜನ ಕಡಿಮೆ. ಬಿಳಿಗಿರಿ ಬೆಂಚು ಎಳೆದು ಕೂರಿಸಿದ. ಪುಟ್ಟಬಸಪ್ಪ ಕೂರಲಿಲ್ಲ.

"ನೀನು ಯಾರ ಮಗನ್ಲಾ?"

"ಚಿಕ್ಕಸಿದ್ದನ ಮಗ, ಯಜಮಾನ್ರೇ."

"ನಿಮ್ಮಪ್ಪ ನಮ್ಮನೆ ಬಾವಿ ತೋಡಕ್ಕೆ ಬಂದಿದ್ದ. ಒಳ್ಳೇವ್ನು. ನೀನು ನನ್ನ ಸಾಲಗಾರ ಅಂತ ಬರೆದೀಯಾ?"

ಬಿಳಿಗಿರಿಯ ಕಿವಿ ಕೆಂಪಾಯಿತು. ಚನ್ನಮಲ್ಲಮ್ಮ ನಡುವೆ ಬಂದು ಶುಕ್ರವಾರ ಕೊಟ್ಟ ಹಾಳೆಯನ್ನು ಮೇಜಿನ ಮೇಲೆ ಬಿಡಿಸಿದಳು.

"ಇದ ಒಂದೊಂದೇ ಗೆರೆ ಓದಪ್ಪ. ಓದಿ, ಯಾವ ಬುಕ್ಕಿಂದ ತಕಂಡೆ ಅಂತ ಏಳು. ನಂಗೆ ಬೇಗ ಅರ್ಥ ಆಗಾದಿಲ್ಲ."

ಅವನಿಗೆ ಬೇರೆ ಕೆಲಸವಿತ್ತು. ಆದರೂ ಎದ್ದು ಹೋಗಿ ಎರಡು ದಪ್ಪ ಪುಸ್ತಕ ತಂದ. ಒಂದು ಸಾಲದ ಲೆಡ್ಜರು. ಯಾರು ಎಷ್ಟು ತಗೊಂಡರು, ಎಷ್ಟು ಕಟ್ಟಿದರು, ಎಷ್ಟು ಉಳಿಯಿತು ಎಂದು ಅದರಲ್ಲಿ ಇರುತ್ತದೆ. ಇನ್ನೊಂದು ಕಂತಿನ ಪುಸ್ತಕ. ಸಾಲ ಕೊಟ್ಟ ದಿನವೇ ಯಾವ ವರ್ಷ ಯಾರಿಂದ ಎಷ್ಟು ಬರಬೇಕು ಎಂದು ಅದರಲ್ಲಿ ಬರೆದಿಡುತ್ತಾರೆ, ಬರದಿದ್ದರೆ ಎದುರಿಗೆ ಕೆಂಪು ಗುರುತು ಬೀಳುತ್ತದೆ.

"ಬಾಕಿ ಅಸಲು, ಸಾವಿರದ ಒಂದು" ಎಂದು ಓದಿದ ಬಿಳಿಗಿರಿ. "ಇದ್ರಲ್ಲಿ ಸಾವಿರ ಕಂತಿನ ಪುಸ್ತಕದ್ದು. ಎಂಬತ್ತೆರಡರ ಮಾರ್ಚಿ ಕಂತು ಐನೂರು ಬಂದಿಲ್ಲ, ಎಂಬತ್ತಮೂರರದ್ದು ಐನೂರು ಬಂದಿಲ್ಲ. ಮಿಕ್ಕ ಒಂದು ರೂಪಾಯಿ ಲೆಡ್ಜರಿಂದು."

"ಲೆಡ್ಜರಲ್ಲಿ ಒಟ್ಟು ಉಳಿದಿರಾದು ಎಷ್ಟಪ್ಪ?"

"ಒಂದು ರೂಪಾಯಿ."

"ಒಟ್ಟು" ಎಂದಳು ಚನ್ನಮಲ್ಲಮ್ಮ.

ಬಿಳಿಗಿರಿ ಮುಂದಿನ ಗೆರೆಗೆ ಹೋಗಲು ಬಾಯಿ ತೆರೆದವನು ಹಾಗೇ ನಿಂತ. ಲೆಡ್ಜರಿನ ಮೇಲೆ ಒಂದು ಬೆರಳು, ಕಂತಿನ ಪುಸ್ತಕದ ಮೇಲೆ ಒಂದು ಬೆರಳು. ಆಮೇಲೆ ತಲೆಗೆ ಕೈ ಹೊಡೆದುಕೊಂಡ.

"ಅಯ್ಯೋ ಅಕ್ಕ. ಒಟ್ಟು ಉಳಿದಿರಾದೇ ಒಂದಾದ್ರೆ ತಪ್ಪಿರಾದು ಸಾವಿರ ಎಂಗಾಗ್ತದೆ? ಯಜಮಾನ್ರು ಮುಂಗಡವಾಗಿ ಕಟ್ಟಿದ್ದು ಲೆಡ್ಜರಿಗೆ ಬಂದದೆ. ಕಂತಿನ ಪುಸ್ತಕದಲ್ಲಿ ಮುಂದಿನ ಕಂತುಗಳ ಯಾರೂ ಒಡೆದಾಕಿಲ್ಲ. ಅದರ ಪಾಡಿಗೆ ಅದು ವರ್ಸವರ್ಸ ಕೇಳ್ತಾ ಅದೆ. ಶುಕ್ರವಾರ ನಾನು ಎರಡ್ನೂ ನೋಡಿದ್ದೆ. ಪಕ್ಕಪಕ್ಕ ಇಟ್ಟು ನೋಡ್ನಿಲ್ಲ."

ಅವನು ಪುಸ್ತಕಗಳನ್ನು ಹೊತ್ತುಕೊಂಡು ಮ್ಯಾನೇಜರ ಕೋಣೆಗೆ ಹೋದ. ಮ್ಯಾನೇಜರು ಘಟ್ಟದ ಕೆಳಗಿನ ತಮಿಳರು, ಕನ್ನಡಕದ ಮೇಲಿಂದ ನೋಡಿ ಮಾತನಾಡುವವರು. ನಮ್ಮ ಮಾತು ಕಲಿಯಬೇಕೆಂಬ ಆಸೆ ಇದ್ದವರು. ರಸೀತಿ ತರಿಸಿಕೊಂಡು ನೋಡಿದರು. ಅಸಲಿಗೆ ಎರಡು ಸಾವಿರದ ಒಂಬೈನೂರ ತೊಂಬತ್ತೊಂಬತ್ತು, ಬಡ್ಡಿಗೆ ಮುನ್ನೂರು. ಲೆಡ್ಜರಿನಲ್ಲೂ ಅದೇ. ಹೊರಗೆ ಬಂದು ಪುಟ್ಟಬಸಪ್ಪನವರ ಎದುರು ನಿಂತು, "ಪೆರಿಯವರೇ, ತಪ್ಪು ನಮ್ಮದು. ಕ್ಷಮಿಸಿ" ಎಂದರು.

ಒಂದೊಂದೇ ಗೆರೆ ಹೊಸದಾಗಿ ಬರೆಯಿತು ಬಿಳಿಗಿರಿಯ ಪೆನ್ನು. ಬಾಕಿ ಅಸಲು ಒಂದು ರೂಪಾಯಿ. ಬಡ್ಡಿ ವರ್ಷಕ್ಕೆ ನೂರಕ್ಕೆ ಹತ್ತರಂತೆ, ರೂಪಾಯಿ ಉಳಿದ ದಿನದಿಂದ ಸುಮಾರು ಮೂರು ವರ್ಷಕ್ಕೆ ಮೂವತ್ತು ಪೈಸೆ. ಹಳೆಯ ಹಾಳೆಯಲ್ಲಿದ್ದ ನೂರೈವತ್ತು ರೂಪಾಯಿ, ಇಲ್ಲದ ಕಂತಿಗೆ ಹಾಕಿದ ಬಡ್ಡಿ, ಹೋಯಿತು. ದಂಡಬಡ್ಡಿ ನೂರಕ್ಕೆ ಎರಡು. ಅದನ್ನು ಪೂರ್ತಿ ತೆಗೆಯಲೇ ಎಂದು ಬಿಳಿಗಿರಿ ಕೇಳಿದ. ಮ್ಯಾನೇಜರು ಬೇಡ ಎಂದು ತಲೆಯಾಡಿಸಿದರು. ಆ ಒಂದು ರೂಪಾಯಿ ಎಂಬತ್ತೆರಡರ ಕಂತಿಗೆ ಬರಬೇಕಾಗಿತ್ತು, ಬರಲಿಲ್ಲ. ಆ ದಿನದಿಂದ ಎರಡು ವರ್ಷಕ್ಕೆ ನಾಲ್ಕು ಪೈಸೆ. ನೋಟೀಸು ಕಳಿಸಿದ್ದು ಐನೂರು ಬಾಕಿ ಎಂದು. ಆ ಬಾಕಿಯೇ ಇರಲಿಲ್ಲವಾದ್ದರಿಂದ ಆರು ರೂಪಾಯಿ ಖರ್ಚು ಬ್ಯಾಂಕಿನದು. ಒಟ್ಟು ಒಂದು ರೂಪಾಯಿ ಮೂವತ್ತನಾಲ್ಕು ಪೈಸೆ. ಚಿಲ್ಲರೆಯ ಕಷ್ಟಕ್ಕೆ ಐದು ಪೈಸೆಗೆ ಏರಿಸಿದರೆ ಮೂವತ್ತೈದು.

ಚನ್ನಮಲ್ಲಮ್ಮನಿಗೆ ಕಣ್ಣಲ್ಲಿ ನೀರು ಬಂದದ್ದು ಆಗಂತೆ. "ಶಿವನೇ" ಎಂದಳಂತೆ. ನಾನೂರು ರೂಪಾಯಿ ಸೊಂಟದಲ್ಲಿ ಹಾಗೇ ಇತ್ತು.

ಆದರೆ ಪುಟ್ಟಬಸಪ್ಪ ಊರುಗೋಲು ಎತ್ತಿಕೊಂಡು ಬಾಗಿಲ ಕಡೆ ತಿರುಗಿದ್ದರು.

"ಮಾವ, ಎಲ್ಲಿಗೆ?"

"ಮನೆಗೆ. ನಾನು ಕೊಡಾದಿಲ್ಲ."

"ಒಂದು ರೂಪಾಯಿ ಮೂವತ್ತೈದು ಪೈಸ, ಮಾವ."

"ಒಂದು ಕಾಸೂ ಕೊಡಾದಿಲ್ಲ ಕಣವ್ವ. ಒಂದಿಡಿ ಅಂತ ಅವ್ರೇ ಆಕಿದ್ದು. ಆಕಿದ ಇಡಿಯ ಬಡ್ಡಿ ಸಮೇತ ವಾಪಸ್ ಕೇಳಾದುಂಟಾ? ಯಾವ ಊರಲ್ಲುಂಟು? ಅದ ನಾನು ಕೊಟ್ರೆ, ಋಣ ತೀರಿಲ್ಲ ಅಂತ ನಾನೇ ಒಪ್ಕಂಡಂಗೆ ಆಗ್ತದೆ. ಇವ್ರು ನಂಟು ಕೆಡಿಸ್ಕಂಡ್ರು. ನಾನು ಕೆಡಿಸ್ಕಳಾದಿಲ್ಲ."

ಮ್ಯಾನೇಜರಿಗೆ ಇದು ಪೂರ್ತಿ ತಿಳಿಯಲಿಲ್ಲ. ಬಿಳಿಗಿರಿ ಬಿಡಿಸಿ ಹೇಳಿದ ಮೇಲೆ ಅವರು ನಕ್ಕು ಜೇಬಿಗೆ ಕೈ ಹಾಕಿ, "ಪರವಾಯಿಲ್ಲೆ, ಅಷ್ಟನ್ನು ನಾನೇ ಕಟ್ಟುತ್ತೇನೆ" ಎಂದರು.

ಮಾತು ಇನ್ನೂ ಕೆಟ್ಟಿತು. "ನನ್ನ ಸಾಲಕ್ಕೆ ಇನ್ನೊಬ್ರ ಕಾಸಾ? ನಾನೇನು ಸತ್ತೋಗಿವ್ನಾ?" ಎಂದು ಪುಟ್ಟಬಸಪ್ಪ ಕೂಗಿದ್ದು ರಸ್ತೆಯ ಆಚೆಯ ಟೀ ಅಂಗಡಿಯವರಿಗೂ ಕೇಳಿಸಿತಂತೆ. ಯಾರೋ ಒಬ್ಬರು ಬಾಗಿಲಲ್ಲಿ ಇಣುಕಿದರು. ಮ್ಯಾನೇಜರು ಜೇಬಿನಿಂದ ಕೈ ತೆಗೆದರು.

ಚನ್ನಮಲ್ಲಮ್ಮ ಮಾವನ ಹಿಂದೆ ಹೋಗಿ ಬ್ಯಾಂಕಿನ ಹೊರಗಿನ ಮೆಟ್ಟಿಲ ಮೇಲೆ ಕೂತಳು. ಅವರೂ ಮಂಡಿ ನೋವಿಗೆ ನಿಲ್ಲಲಾಗದೆ ಕೂತರು. ಒಬ್ಬ ಬೀನ್ಸ್ ಮೂಟೆ ಹೊತ್ತು ಹೋದ, ಒಂದು ನಾಯಿ ಬಂದು ಮೂಸಿ ಹೋಯಿತು. ಮಾವನ ಉಸಿರು ತಗ್ಗುವ ತನಕ ಅವಳು ಕಾದಳು. ಕಾಯುವುದು ಅವಳಿಗೆ ಕಷ್ಟದ ಕೆಲಸವಲ್ಲ. ಆದರೂ ಆ ದಿನ ಮಾತ್ರ ಕಷ್ಟವಾಯಿತು ಎಂದು ನನಗೆ ಹೇಳಿದಳು. ಶುಕ್ರವಾರಕ್ಕೆ ಪಟ್ಟಿ ಹೋಗಿಬಿಡುತ್ತದೆ. ಇವರು ರುಜು ಹಾಕದೆ ಎದ್ದು ಹೋದರೆ ಹಸು ಇಲ್ಲ.

"ಮಾವ, ಒಂದು ಕೇಳ್ಲಾ?"

"ಕೇಳು."

"ನಮ್ಮನೇಲಿ ಕಡ ತಂದೋರಿಗೆ ಇಡಿ ಆಕ್ತೀವಲ್ಲ, ಯಾವ ರಾಗಿ ಆಕ್ತೀವಿ?"

"ನಮ್ಮದೇ. ಅವ್ರು ಸುರಿದ ಮ್ಯಾಕೆ ಅದು ನಮ್ಮದಲ್ವಾ."

"ಪಕ್ಕದ ಬೊಮ್ಮಮ್ಮನ ಕಣಜದಿಂದ ತಗದು ಆಕ್ತೀವಾ?"

"ಛೆ! ಅದ್ಯಾವ ಮಾತು? ಅದು ಕಳ್ತನ."

"ಆ ಕ್ಯಾಷಿಯರು ಆಕಿದ್ದು ಅವ್ನ ಕಣಜದ್ದಲ್ಲ ಮಾವ. ಬ್ಯಾಂಕಲ್ಲಿರಾದು ಊರೋರೆಲ್ಲ ಇಟ್ಟಿರೋ ಕಾಸು. ಬೊಮ್ಮಮ್ಮನೂ ಅಲ್ಲೇ ಐವತ್ತು ರೂಪಾಯಿ ಇಟ್ಟವ್ಳೆ. ಆ ಕಣಜದಿಂದ ಇಡಿ ತಗಿಯಾ ಅಕ್ಕು ಅವ್ನಿಗಿರ್ನಿಲ್ಲ. ನಿಮಗೂ ಗೊತ್ತಿರ್ನಿಲ್ಲ. ಗೊತ್ತಿಲ್ದೆ ಬೇರೇವ್ರ ಕಾಳು ನಮ್ಮ ಬುಟ್ಟಿಗೆ ಬಿತ್ತು. ಅಷ್ಟೇ ಮಾವ."

ಪುಟ್ಟಬಸಪ್ಪ ಎದೆಯ ಮೇಲಿನ ಕರಡಿಗೆಯನ್ನು ಒಂದು ಸಲ ಮುಟ್ಟಿಕೊಂಡರು. ಇಷ್ಟಲಿಂಗ ಅದರೊಳಗಿರುತ್ತದೆ.

"ಅದ ತಂದು ದೇವ್ರ ಮುಂದೆ ಮಡಗಿದ್ನಲ್ಲವ್ವ" ಎಂದರು. ದನಿ ಸಣ್ಣಗಾಗಿತ್ತು.

"ದೇವ್ರಿಗೆ ಗೊತ್ತಿರ್ತದೆ ಮಾವ. ನೀವು ಕದ್ದು ತರ್ನಿಲ್ಲ ಅಂತ."

ಅವರು ಅವಳ ಭುಜ ಹಿಡಿದು ಎದ್ದರು. ಒಳಗೆ ಬಂದು ಬಾಳೆಕಾಯಿ ಆಕಾರದ ಬಟ್ಟೆ ಸಂಚಿ ಬಿಚ್ಚಿ, ಎಲೆ ಅಡಿಕೆಯ ನಡುವಿನಿಂದ ಒಂದು ರೂಪಾಯಿ ನೋಟು, ನಾಲ್ಕಾಣೆ, ಹತ್ತು ಪೈಸೆ ತೆಗೆದು ತಾವೇ ಕ್ಯಾಷಿಯರ ಕಿಂಡಿಯಲ್ಲಿ ಇಟ್ಟರು. ಚನ್ನಮಲ್ಲಮ್ಮ ತನ್ನ ಗಂಟು ಬಿಚ್ಚಲು ಹೋದದ್ದಕ್ಕೆ, "ಮುಚ್ಚು ಅದ. ಅದು ಅಸುವಿನ ಕಾಸು" ಎಂದು ಗದರಿದರು. ರಸೀತಿ ಬಂತು. ಬಿಳಿಗಿರಿ ಅವರ ಎದುರಿಗೇ ಲೆಡ್ಜರಿನಲ್ಲಿ ಬಾಕಿ ಸೊನ್ನೆ ಎಂದು ಬರೆದ. ಕಂತಿನ ಪುಸ್ತಕದಲ್ಲಿ ಎಂಬತ್ತಾರರ ತನಕ ಉಳಿದಿದ್ದ ಕಂತುಗಳ ಮೇಲೆಲ್ಲ ಗೆರೆ ಎಳೆದ. ಮ್ಯಾನೇಜರು ಪಕ್ಕದಲ್ಲಿ ರುಜು ಹಾಕಿದರು.

ಆಮೇಲೆ ಸಾಲ ತೀರಿದೆ ಎನ್ನುವ ಕಾಗದ. ಬಿಳಿಗಿರಿ ಟೈಪ್ ಮಾಡಿಸಿ ತಂದ. ಜಮೀನಿನ ಪತ್ರ ಕಬ್ಬಿಣದ ಬೀರುವಿನಿಂದ ಹೊರಗೆ ಬಂತು. ಪುಟ್ಟಬಸಪ್ಪ ತೆಗೆದುಕೊಂಡದ್ದಕ್ಕೆ ರುಜು ಹಾಕಿದರು, ಒಂದೊಂದು ಅಕ್ಷರಕ್ಕೂ ಉಸಿರು ಬಿಟ್ಟುಕೊಂಡು. ಎಲ್ಲರೂ ಎದ್ದರು. ಚನ್ನಮಲ್ಲಮ್ಮ ಏಳಲಿಲ್ಲ.

"ಇದನ್ನೂ ಒಂದೊಂದೇ ಗೆರೆ ಓದ್ಬುಡಪ್ಪ."

"ಅಕ್ಕ, ಒಂದು ರೂಪಾಯಿ, ಮೂವತ್ತು ಪೈಸೆ, ನಾಕು ಪೈಸೆ, ಎಲ್ಲ ಸರಿಯಾಗದೆ. ಬಸ್ಸು ಓಗ್ತದೆ ನಿಮಗೆ."

"ಓದು."

ಬಿಳಿಗಿರಿ ಓದಿದ. ಕೊನೆಯ ಗೆರೆ: "ಮುಕ್ತಾಯದ ದಿನ, ಮಾರ್ಚಿ ಮೂವತ್ತೊಂದು."

"ಇವತ್ತು ಎಷ್ಟು?"

"ಹತ್ತೊಂಬತ್ತು. ಈ ತಿಂಗಳ ಕಾಗದಕ್ಕೆಲ್ಲ ಮೂವತ್ತೊಂದೇ ಆಕ್ತೀವಿ ಅಕ್ಕ. ವರ್ಸದ ಕೊನೆ. ಶುಕ್ರವಾರದ ಹಾಳೆಲೂ ಅದೇ ಇತ್ತು. ನಿಮ್ಮದರಲ್ಲಿ ಏನು, ಬಡ್ಡಿ ಅರ್ಧ ಪೈಸವೂ ಎಚ್ಚುಕಮ್ಮಿ ಆಗಲ್ಲ."

"ಬಡ್ಡಿ" ಎಂದಳು ಚನ್ನಮಲ್ಲಮ್ಮ. ಸೆರಗು ಸರಿ ಮಾಡಿಕೊಂಡಳು. "ಬಡ್ಡಿಗಲ್ಲಪ್ಪ. ಅಸುವಿನ ಪಟ್ಟಿ ಈ ಶುಕ್ರವಾರ ಓಯ್ತದೆ ಅಂತಲ್ಲ. ಅಳೇ ಸಾಲ ಮೂವತ್ತೊಂದಕ್ಕೆ ಮುಗೀತದೆ ಅಂತ ಈ ಕಾಗ್ದ ಏಳ್ತದೆ. ಕೆಳಗೆ ಕೂತಿರೋರು ಇದ ನೋಡಿ ಏನಂತಾರೆ?"

ಮ್ಯಾನೇಜರು ತಮ್ಮ ಕೋಣೆಯ ಬಾಗಿಲಲ್ಲೇ ನಿಂತು ಕೇಳಿಸಿಕೊಳ್ಳುತ್ತಿದ್ದರು. ಬಂದು ಕಾಗದ ತೆಗೆದುಕೊಂಡರು. "ಪಟ್ಟಿ ಹೋದ ದಿನ ಹಳೇ ಸಾಲ ನಿಂತೇ ಇತ್ತು ಅಂತ ವಾಪಸು ಕಳಿಸುತ್ತಾರೆ" ಎಂದರು. "ಬಿಳಿಗಿರಿ, ಕಟ್ಟಿದ ದಿನವೇ ಮುಕ್ತಾಯದ ದಿನ. ಬಡ್ಡಿಯೂ ಆ ದಿನದ ತನಕವೇ. ನಾಳೆಯಿಂದ ಯಾರಿಗೂ ಮೂವತ್ತೊಂದು ಹಾಕಬೇಡ. ಇವರಿಗೆ ಅರ್ಧ ಪೈಸೆ ಇರಬಹುದು, ಹತ್ತು ಸಾವಿರ ಸಾಲ ಇದ್ದವನಿಗೆ ಹನ್ನೆರಡು ದಿನದ ಬಡ್ಡಿ ಅಂದರೆ ಮೂವತ್ತು ರೂಪಾಯಿಗಿಂತ ಹೆಚ್ಚು, ನೀನೇ ನೋಡು."

ಆ ಹಾಳೆಯನ್ನು ಹರಿದು ಇನ್ನೊಂದು ಟೈಪ್ ಮಾಡಿದರು. ರಸೀತಿಯ ನಂಬರು, ಹತ್ತೊಂಬತ್ತನೇ ತಾರೀಕು. ಬಸ್ಸು ಹೋಗಿತ್ತು. ಮುಂದಿನ ಬಸ್ಸಿನ ತನಕ ಮಾವ ಸೊಸೆ ಟೀ ಅಂಗಡಿಯಲ್ಲಿ ಕೂತರು. ಟೀಯವನು, "ಏನು ಯಜಮಾನ್ರೇ, ಬ್ಯಾಂಕಲ್ಲಿ ಗಲಾಟೆ?" ಎಂದು ಕೇಳಿದ್ದಕ್ಕೆ ಪುಟ್ಟಬಸಪ್ಪ, "ನಾನಲ್ಲ ಕಣ್ಲಾ ಗಲಾಟೆ ಮಾಡಿದ್ದು. ಇವ್ಳು. ಮಾತೇ ಆಡ್ದೆ ಮಾಡ್ತಾಳೆ ಗಲಾಟೆಯ" ಎಂದರಂತೆ.

ಶುಕ್ರವಾರ ಅವಳ ಅರ್ಜಿ ಚೀಲದಲ್ಲಿ ಘಟ್ಟ ಇಳಿಯಿತು. ಯುಗಾದಿ ಕಳೆದು ಒಂದು ತಿಂಗಳಿಗೆ ಮಂಜೂರಾಯಿತು. ಮೊದಲು ಒಂದು ಹಸು, ಅದು ಸರಿಯಾಗಿ ಕರೆದು ಸಾಲ ಕಟ್ಟುತ್ತಾ ಬಂದರೆ ಆರು ತಿಂಗಳಿಗೆ ಇನ್ನೊಂದು. ಅವಳ ಜೊತೆ ಅರ್ಜಿ ಕೊಟ್ಟವರಲ್ಲಿ ಇಬ್ಬರದು ವಾಪಸು ಬಂತು. ಯಾಕೆ ಎಂದು ನಾನು ಕೇಳಿದೆ. "ಪಾಪ, ಅವ್ರ ಕಾಗ್ದದಲ್ಲಿ ಮೂವತ್ತೊಂದೇ ಇತ್ತು" ಎಂದಳು.

ಹಸು ಕೊಳ್ಳಲು ಪುಟ್ಟಬಸಪ್ಪ ಮಂಡಿ ನೋವು ಮರೆತು ತಾವೇ ಸಂತೆಗೆ ಬಂದರು. ಹಲ್ಲು ನೋಡಿದರು, ಕೆಚ್ಚಲು ನೋಡಿದರು, ಸುಳಿ ನೋಡಿದರು, ಮಾರುವವನಿಗೆ ಅವನ ಹಸುವಿನ ಬಗ್ಗೆ ಅವನಿಗೇ ಗೊತ್ತಿಲ್ಲದ ದೋಷಗಳನ್ನೆಲ್ಲ ಹೇಳಿದರು. ಕಪ್ಪು ಬಿಳಿ ಮಚ್ಚೆಯ ಎಳೆ ಹಸು. ದರ ಮುಗಿದ ಮೇಲೆ ಬಿಳಿಗಿರಿ ಅದರ ಕಿವಿಗೆ ಬ್ಯಾಂಕಿನ ಬಿಲ್ಲೆ ಹಾಕಿದ. ಚನ್ನಮಲ್ಲಮ್ಮ ಸಾಲದ ಕಾಗದಕ್ಕೆ ರುಜು ಹಾಕುವ ಮುಂಚೆ ಅಲ್ಲೇ ಮರದ ಕೆಳಗೆ ನಿಂತು ಒಂದೊಂದೇ ಗೆರೆ ಓದಿಸಿಕೊಂಡಳು. ಹಸು ಕೂಡ ತಾಳ್ಮೆಯಿಂದ ನಿಂತಿತ್ತಂತೆ.

ಮಾರಿದವನು ಹಗ್ಗವನ್ನು ಹಿರಿಯರ ಕೈಗೆ ಕೊಡಲು ಬಂದ. ಪುಟ್ಟಬಸಪ್ಪ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡರು.

"ಸಾಲ ಯಾರ ಎಸ್ರಲ್ಲವ್ವ?" ಎಂದು ಸೊಸೆಯನ್ನು ಕೇಳಿದರು.

"ನನ್ನ ಎಸ್ರಲ್ಲೇ ಮಾವ."

"ಅಂಗಾದ್ರೆ ಅಗ್ಗ ನೀನೇ ಇಡಿ."